“ಇದೆಯೇ? ಕಡಿಮೆಯಾಗುತ್ತದೆಯೇ?” ಎಂದು ಕೇಳುವ ಗಿರಾಕಿಗೆ ಏನೆಂದು ಬರೆಯಬೇಕು?

ನೀರ್ಚಾಲಿನ ತೋಟದವ · ಮೇ 16, ಬೆಳಗ್ಗೆ 7:40

ಎಲ್ಲರಿಗೂ ನಮಸ್ಕಾರ. ಅಡಿಕೆಗೆ ಮದ್ದು ಬಿಡುವ ನಮ್ಮ ಪಂಪ್ ಸೆಟ್ಟನ್ನು ಮಾರಲೆಂದು ಮೂರು ದಿನಗಳ ಹಿಂದೆ ಫೇಸ್‌ಬುಕ್ ಮಾರ್ಕೆಟ್‌ಪ್ಲೇಸಿನಲ್ಲಿಯೂ ಎರಡು ವಾಟ್ಸಪ್ ಗುಂಪುಗಳಲ್ಲಿಯೂ ಹಾಕಿದ್ದೇನೆ. ಪೆಟ್ರೋಲ್ ಎಂಜಿನ್, ಮೂರು ಪಿಸ್ಟನ್ನಿನ ಪಂಪ್, 100 ಮೀಟರ್ ಪೈಪು, ಎಲ್ಲ ಸೇರಿ 15,000 ರೂಪಾಯಿ ಎಂದು ಬರೆದಿದ್ದೇನೆ. ತಮ್ಮನೂ ನಾನೂ ಒಟ್ಟಾಗಿ ಬೇರೊಂದು ಸೆಟ್ ತೆಗೆದುಕೊಂಡ ಕಾರಣ ಇದು ಕೊಟ್ಟಿಗೆಯ ಮೂಲೆಯಲ್ಲಿ ಕುಳಿತಿದೆ. ಪೈಪಿನಲ್ಲಿ ಒಂದು ಜೋಡಣೆ ಇರುವುದನ್ನು ಮಾತ್ರ ಜಾಹೀರಾತಿನಲ್ಲಿ ಬರೆದಿಲ್ಲ.

ಇದುವರೆಗೆ 11 ಮಂದಿ “ಇದೆಯೇ? ಕಡಿಮೆಯಾಗುತ್ತದೆಯೇ?” ಎಂದು ಕೇಳಿದ್ದಾರೆ. ನಾನು ಎಲ್ಲರಿಗೂ “ಇದೆ. ಬೆಲೆಯಲ್ಲಿ ಸ್ವಲ್ಪ ಹೊಂದಾಣಿಕೆ ಮಾಡಬಹುದು” ಎಂದು ಉತ್ತರಿಸಿದೆ. ಏಳು ಮಂದಿ ಮತ್ತೆ ಮಾತನಾಡಲೇ ಇಲ್ಲ. ಮೂವರು “ಕೊನೆಗೆ ಎಷ್ಟು?” ಎಂದರು. ಒಬ್ಬರಂತೂ ನೇರವಾಗಿ 8,000ದಿಂದಲೇ ಆರಂಭಿಸಿದರು. “ಕೊನೆಗೆ ಎಷ್ಟು” ಎಂದವರಲ್ಲಿ ಒಬ್ಬರಿಗೆ ನನ್ನ ಮನಸ್ಸಿನಲ್ಲಿದ್ದ 13,000ವನ್ನು ಉಳಿಸಿಕೊಳ್ಳದೆ ಬರೆದುಬಿಟ್ಟೆ. ಅವರು ನಿನ್ನೆ ಸಂಜೆ ಮನೆಗೆ ಬಂದು, ಜಗಲಿಯಲ್ಲಿ ಕುಳಿತು ಮಜ್ಜಿಗೆ ಕುಡಿದು, ಆ 13,000ದಿಂದ ಕೆಳಗೆ ಚೌಕಾಸಿ ಆರಂಭಿಸಿ, 11,500ಕ್ಕೆ ಕೊಡುವುದಿಲ್ಲವೆಂದಾಗ ಬೇಸರದಿಂದ ಎದ್ದು ಹೋದರು. ಪಂಪನ್ನು ಒಮ್ಮೆ ಓಡಿಸಿ ನೋಡಲೂ ಇಲ್ಲ.

ಈ ಮೊದಲ ಪ್ರಶ್ನೆಗೆ ಕೊಡಬೇಕಾದ ಉತ್ತರ ಎರಡು ಮೂರು ವಾಕ್ಯಗಳಷ್ಟೇ ಎಂದು ನನಗೂ ಗೊತ್ತಿದೆ. ಆದರೆ ಆ ಎರಡು ಮೂರು ವಾಕ್ಯಗಳಲ್ಲಿ ಏನಿರಬೇಕು, ಏನಿರಬಾರದು ಎಂಬುದನ್ನು ಅನುಭವವಿದ್ದವರು ತಿಳಿಸಬೇಕಾಗಿ ವಿನಂತಿ.

ಎಣ್ಮಕಜೆಯ ಕೃಷಿಕ · ಮೇ 16, ಬೆಳಗ್ಗೆ 8:05

ಪಂಪ್ ಇನ್ನೂ ಇದೆಯೇ ಅಣ್ಣ? ಕೊನೆಗೆ ಎಷ್ಟಕ್ಕೆ ಕೊಡುತ್ತೀರಿ?

ನೀರ್ಚಾಲಿನ ತೋಟದವ · ಮೇ 16, ಬೆಳಗ್ಗೆ 8:11

ಅಣ್ಣ, ನಾನು ಇಲ್ಲಿ ಕೇಳುತ್ತಿರುವುದೇ ಆ ಪ್ರಶ್ನೆಗೆ ಏನು ಉತ್ತರಿಸಬೇಕೆಂದು. ನಿಮಗೆ ಬೇಕಿದ್ದರೆ ದಯವಿಟ್ಟು ಬೇರೆಯಾಗಿ ಸಂದೇಶ ಕಳುಹಿಸಿ.

ಬದಿಯಡ್ಕ ವರ್ಕ್‌ಶಾಪ್ · ಮೇ 16, ಬೆಳಗ್ಗೆ 9:30

ಹಳೆಯ ಪಂಪು, ಹುಲ್ಲು ಕೊಚ್ಚುವ ಯಂತ್ರ, ಮೋಟಾರು ಇವುಗಳನ್ನು ರಿಪೇರಿ ಮಾಡಿ ಮಾರುವುದು ನನಗೆ ಕಸುಬು. ಆದ್ದರಿಂದ ಈ ಎರಡು ವಾಕ್ಯಗಳನ್ನು ದಿನಕ್ಕೆ ಹತ್ತಾರು ಬಾರಿ ಬರೆಯುತ್ತೇನೆ.

ಮೊದಲಿಗೆ, ಮಾರ್ಕೆಟ್‌ಪ್ಲೇಸಿನಲ್ಲಿ “ಇದು ಲಭ್ಯವಿದೆಯೇ” ಎಂಬುದು ಸಿದ್ಧವಾಗಿರುವ ವಾಕ್ಯ. ಒಂದು ಗುಂಡಿ ಒತ್ತಿದರೆ ಅದು ನಿಮಗೆ ಬಂದು ಬೀಳುತ್ತದೆ. ಚಿತ್ರಗಳನ್ನು ಸರಿಸುತ್ತಾ ಹೋಗುವಾಗ ಬೆರಳು ತಾಗಿ ಕಳುಹಿಸಿದವರೂ, ಹತ್ತು ಪಂಪುಗಳಿಗೆ ಒಟ್ಟಿಗೆ ಕಳುಹಿಸಿ ಕುಳಿತವರೂ ನಿಮ್ಮ ಆ ಏಳು ಮಂದಿಯಲ್ಲಿ ಇರುತ್ತಾರೆ. ಅವರು ಮೌನವಾದುದಕ್ಕೆ ನಿಮ್ಮ ಉತ್ತರವೊಂದೇ ಕಾರಣವಲ್ಲ. ಆದರೂ “ಇದೆ” ಎಂದಷ್ಟೇ ಬರೆದರೆ ಮಾತು ಅಲ್ಲಿಗೆ ಮುಗಿಯುತ್ತದೆ. ಮುಂದಿನ ಹೆಜ್ಜೆ ಯಾವುದೆಂದು ಆಚೆಯವನಿಗೆ ತಿಳಿಯುವುದಿಲ್ಲ. ಆದ್ದರಿಂದ ಉತ್ತರದ ಕೊನೆಯ ವಾಕ್ಯ ಪ್ರಶ್ನೆಯಾಗಿರಬೇಕು, ಮತ್ತು ಆ ಪ್ರಶ್ನೆ ಅವನು ಯಾವಾಗ ಬರುತ್ತಾನೆ ಎಂಬುದರ ಕುರಿತಾಗಿರಬೇಕು.

ಎರಡನೆಯದು, ನೀವು “ಹೊಂದಾಣಿಕೆ ಮಾಡಬಹುದು” ಎಂದದ್ದರಲ್ಲಿ ತಪ್ಪಿಲ್ಲ. ಯಾವಾಗ ಮಾಡಬಹುದು ಎಂದು ಹೇಳದೆ ಬಿಟ್ಟದ್ದು ತಪ್ಪು. ವಸ್ತುವನ್ನು ನೋಡದವನೊಂದಿಗೆ ಬೆಲೆ ಇಳಿಸಿದರೆ ಅವನ ಲೆಕ್ಕದಲ್ಲಿ ಅದು ಇಳಿಸಿದ ಬೆಲೆಯಲ್ಲ, ಅದೇ ಹೊಸ ಬೆಲೆ. ಮನೆಗೆ ಬಂದು ಪಂಪ್ ನೋಡಿದಾಗ ಅವನಿಗೆ ಇನ್ನೊಂದು ಸಲ ಇಳಿಸಿಕೊಳ್ಳುವ ಹಕ್ಕಿದೆ ಎಂದು ಅನಿಸುತ್ತದೆ. ನಿಮ್ಮ ಜಗಲಿಯಲ್ಲಿ ನಡೆದದ್ದು ಅದೇ.

ನಾನು ಬರೆಯುವುದು ಹೆಚ್ಚುಕಡಿಮೆ ಹೀಗೆ:

“ನಮಸ್ಕಾರ. ಪಂಪ್ ಇದೆ. ಕ್ರಯ 15,000. ಬಂದು ಓಡಿಸಿ ನೋಡಿದ ಬಳಿಕ ಸ್ವಲ್ಪ ಮಾತನಾಡಬಹುದು. ಪೈಪಿನಲ್ಲಿ ಒಂದು ಜೋಡಣೆ ಇದೆ, ಬೇರೆ ದೋಷವಿಲ್ಲ. ಜಾಗ ನೀರ್ಚಾಲು. ನಾಳೆ ಸಂಜೆ 4ರ ಬಳಿಕ ಅಥವಾ ಭಾನುವಾರ ಬೆಳಗ್ಗೆ, ನಿಮಗೆ ಯಾವಾಗ ಅನುಕೂಲ?”

ಇದರಲ್ಲಿ ಜೋಡಣೆಯ ಮಾತನ್ನು ಉದ್ದೇಶಪೂರ್ವಕವಾಗಿ ಸೇರಿಸಿದ್ದೇನೆ. ಇರುವ ದೋಷವನ್ನು ಮೊದಲೇ ಬರೆದರೆ, ಬಂದವನು ಅದನ್ನೇ ಹಿಡಿದು ಸಾವಿರ ರೂಪಾಯಿ ಕಡಿಮೆ ಮಾಡಿಸಲು ಆಗುವುದಿಲ್ಲ. ಅದು 15,000ದೊಳಗೆ ಸೇರಿಯೇ ಇದೆ ಎಂದು ನೀವು ಹೇಳಬಹುದು. ಬರೆಯದೆ ಬಿಟ್ಟರೆ, ಪೈಪು ಬಿಡಿಸುವಾಗ ಆ ಜೋಡಣೆ ಕಂಡ ಕ್ಷಣವೇ ನಿಮ್ಮ ಉಳಿದ ಮಾತುಗಳ ಮೇಲೂ ಅವನಿಗೆ ಅನುಮಾನ ಬರುತ್ತದೆ. ಇನ್ನೊಂದು: ಮದ್ದು ಬಿಟ್ಟು ಶುದ್ಧ ನೀರು ಓಡಿಸದೆ ಇಟ್ಟ ಪಂಪಿನಲ್ಲಿ ಮದ್ದಿನ ಸುಣ್ಣ ಗಟ್ಟಿಯಾಗಿ ವಾಲ್ವಿಗೂ ಪ್ಯಾಕಿಂಗಿಗೂ ಪೆಟ್ಟಾಗಿರುತ್ತದೆ ಎಂಬುದು ನಮ್ಮ ಕಡೆಯ ಎಲ್ಲರಿಗೂ ಗೊತ್ತು. ನಿಮ್ಮದು ಒತ್ತಡ ಹಿಡಿಯುತ್ತದೆಯಾದರೆ, ಎಂಜಿನ್ ಓಡುತ್ತಿರುವಾಗ ಗೇಜಿನ ಮುಳ್ಳು ಕಾಣುವಂತೆ ಅರ್ಧ ನಿಮಿಷದ ವೀಡಿಯೊ ತೆಗೆದಿಟ್ಟುಕೊಳ್ಳಿ. ಎರಡನೆಯ ಸಂದೇಶ ಕಳುಹಿಸಿದವರಿಗೆ ಮಾತ್ರ ಅದನ್ನು ಕಳುಹಿಸಿ. ಗುಂಡಿ ಒತ್ತಿ ಮಾಯವಾದವರಿಗೆ ಬೇಡ.

ಪೇಟೆಯ ಅಂಗಡಿಯವ · ಮೇ 16, ಮಧ್ಯಾಹ್ನ 12:20

ನನ್ನ ಅಭಿಪ್ರಾಯದಲ್ಲಿ “ಸ್ವಲ್ಪ ಮಾತನಾಡಬಹುದು” ಎಂಬುದೇ ಬೇಡ. “ಒಂದೇ ಮಾತು, 14,000” ಎಂದು ಬರೆದು ಮುಗಿಸಬೇಕು. ನನ್ನ ಅಂಗಡಿಯಲ್ಲಿ ಹಾಗೆಯೇ ನಡೆಯುತ್ತದೆ, ಯಾರೂ ಬೇಸರ ಮಾಡಿಕೊಂಡದ್ದಿಲ್ಲ.

ಅದಲ್ಲದೆ, ವಾಟ್ಸಪ್ಪಿನಲ್ಲಿ ಒಮ್ಮೆ “ಕೊನೆಗೆ 13,000” ಎಂದು ಬರೆದರೆ ಕಾನೂನಿನ ಪ್ರಕಾರ ನೀವು ಅದಕ್ಕೆ ಬದ್ಧರಾಗುತ್ತೀರಿ. ಆ ಮನುಷ್ಯ “ನನಗೆ ಒಪ್ಪಿಗೆ” ಎಂದು ಮರುಬರೆದರೆ ನೀವು ಕೊಡಲೇಬೇಕಾಗುತ್ತದೆ. ಬರಹದಲ್ಲಿ ಇರುವುದೆಲ್ಲ ದಾಖಲೆ.

ನಿವೃತ್ತ ಗುಮಾಸ್ತ, ಕಾಸರಗೋಡು · ಮೇ 16, ಸಂಜೆ 5:15

ವಕೀಲರೊಬ್ಬರ ಕಚೇರಿಯಲ್ಲಿ ಬಹುಕಾಲ ಕೆಲಸ ಮಾಡಿದವನಾದ್ದರಿಂದ ಅಂಗಡಿಯವರ ಎರಡನೆಯ ಮಾತಿನ ಬಗ್ಗೆ ಮಾತ್ರ ಬರೆಯುತ್ತೇನೆ. ಅದು ಅರ್ಧ ಸರಿ.

ಇದೇ ಪ್ರಶ್ನೆ ನಮ್ಮ ನೆರೆಯ ಮಡಿಕೇರಿಯ ಒಂದು ಬಂಗಲೆಯ ವಿಷಯದಲ್ಲಿ ಸುಪ್ರೀಂ ಕೋರ್ಟಿನವರೆಗೆ ಹೋಗಿ 1951ರಲ್ಲಿ ತೀರ್ಮಾನವಾಗಿದೆ. ಕೊಳ್ಳಲು ಬಯಸಿದವರ ವಿಚಾರಣೆಗೆ ಮಾಲೀಕರಿಂದ “ಹತ್ತು ಸಾವಿರಕ್ಕಿಂತ ಕಡಿಮೆಗೆ ಒಪ್ಪುವುದಿಲ್ಲ” ಎಂಬ ಅರ್ಥದ ತಂತಿ ಬಂತು. ಕೊಳ್ಳುವವರು “ಹಾಗಾದರೆ ಹತ್ತು ಸಾವಿರಕ್ಕೆ ನನಗೆ ಒಪ್ಪಿಗೆ” ಎಂದರು, ವ್ಯವಹಾರ ಮುಗಿಯಿತೆಂದು ವಾದಿಸಿದರು. ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಕನಿಷ್ಠ ಬೆಲೆ ಇಷ್ಟು ಎಂದು ತಿಳಿಸುವುದು ಮಾತುಕತೆಗೆ ಕರೆದಂತೆಯೇ ಹೊರತು, ಆ ಬೆಲೆಗೆ ಕೊಟ್ಟೆ ಎಂದಂತಲ್ಲ. ಇದಕ್ಕೂ ಹಿಂದೆ, 1893ರಲ್ಲಿ, ಜಮೈಕಾದ ಒಂದು ಆಸ್ತಿಯ ಬಗ್ಗೆ “ಕನಿಷ್ಠ ಬೆಲೆ 900 ಪೌಂಡು” ಎಂಬ ತಂತಿಯ ವಿಷಯದಲ್ಲಿಯೂ ಪ್ರಿವಿ ಕೌನ್ಸಿಲ್ ಹೀಗೆಯೇ ಹೇಳಿತ್ತು.

ಆದರೆ ತಿರುಗಿಸಿ ನೋಡಿ. ಗಿರಾಕಿಯೇ “12,500ಕ್ಕೆ ತೆಗೆದುಕೊಳ್ಳುತ್ತೇನೆ” ಎಂದು ಬರೆದಾಗ ನೀವು “ಸರಿ” ಎಂದರೆ ಅದು ಒಪ್ಪಿಗೆಯಾಗಬಹುದು. ನಮ್ಮಲ್ಲಿ ಅನೇಕರು “ಓದಿದೆ” ಎಂಬ ಅರ್ಥದಲ್ಲಿ “ಸರಿ” ಎನ್ನುತ್ತಾರೆ, ಇಲ್ಲವೇ ಹೆಬ್ಬೆರಳಿನ ಚಿತ್ರ ಒತ್ತುತ್ತಾರೆ. ಕೆನಡಾದಲ್ಲಿ ಅಗಸೆ ಬೆಳೆಗಾರನೊಬ್ಬ ಕರಾರಿನ ಚಿತ್ರಕ್ಕೆ ಹೆಬ್ಬೆರಳು ಒತ್ತಿದ್ದೇ ಸಹಿಗೆ ಸಮ ಎಂದು ಅಲ್ಲಿನ ನ್ಯಾಯಾಲಯ 2023ರಲ್ಲಿ ತೀರ್ಪಿತ್ತಿತು. ಹದಿನೈದು ಸಾವಿರದ ಪಂಪಿಗಾಗಿ ಯಾರೂ ಕೋರ್ಟಿಗೆ ಹೋಗುವುದಿಲ್ಲ ಎಂಬುದು ಬೇರೆ ವಿಷಯ. ಆದರೂ ಒಪ್ಪದ ಬೆಲೆಗೆ “ಸರಿ” ಎಂಬ ಪದವನ್ನು ಬಳಸದಿರುವುದು ಕ್ಷೇಮ.

ವರ್ಕ್‌ಶಾಪಿನವರ ಉತ್ತರದಲ್ಲಿ ಒಂದು ತಿದ್ದುಪಡಿ: “ಬೇರೆ ದೋಷವಿಲ್ಲ” ಎನ್ನಬೇಡಿ, “ನನಗೆ ತಿಳಿದಂತೆ ಬೇರೆ ದೋಷವಿಲ್ಲ” ಎನ್ನಿ. ಪಂಪಿನ ಒಳಗೆ ಏನಿದೆಯೋ ಯಾರು ಬಲ್ಲರು?

ಬದಿಯಡ್ಕ ವರ್ಕ್‌ಶಾಪ್ · ಮೇ 16, ಸಂಜೆ 5:40

ತಿದ್ದುಪಡಿ ಒಪ್ಪಿದೆ. (ಈ “ಒಪ್ಪಿದೆ” ಕಾನೂನಿನ ಪ್ರಕಾರವೂ ಒಪ್ಪಿಗೆಯೇ, ಗುಮಾಸ್ತರೇ.)

ಅಂಗಡಿಯವರಿಗೆ: ಅಂಗಡಿಯಲ್ಲಿ ಒಂದೇ ಮಾತು ನಡೆಯುತ್ತದೆ, ಏಕೆಂದರೆ ಅದೇ ವಸ್ತು ಪಕ್ಕದ ಅಂಗಡಿಯಲ್ಲಿಯೂ ಅದೇ ಬೆಲೆಗೆ ಇರುತ್ತದೆ. ಹಳೆಯ ಪಂಪಿಗೆ ಹಾಗಲ್ಲ. ಹಳೆಯ ವಸ್ತುವಿಗೆ ಐನೂರಾದರೂ ಕಡಿಮೆಯಾಗದೆ ಮನೆಗೆ ಹೋದರೆ ಗಿರಾಕಿಗೆ ಮನೆಯವರ ಮುಂದೆ ಮುಖವಿರುವುದಿಲ್ಲ. ನೀವು 14,000 ಒಂದೇ ಮಾತು ಎಂದರೆ ಬರುವವರು ಕಡಿಮೆಯಾಗುತ್ತಾರೆ. 15,000 ಎಂದು ಬರೆದು 14,000ಕ್ಕೆ ಕೊಟ್ಟರೆ ಇಬ್ಬರಿಗೂ ಸಮಾಧಾನ.

ಉಪ್ಪಳದ ಟೀಚರ್ · ಮೇ 16, ರಾತ್ರಿ 8:50

ಉತ್ತರ ಯಾವ ಭಾಷೆಯಲ್ಲಿರಬೇಕೆಂಬುದನ್ನು ಯಾರೂ ಹೇಳಲಿಲ್ಲವೆಂದು ಬರೆಯುತ್ತಿದ್ದೇನೆ. ಕಾಸರಗೋಡಿನಲ್ಲಿ ಮಾರಾಟಕ್ಕೆ ಹಾಕಿದರೆ ಕಾಞಂಗಾಡಿನಿಂದಲೂ ಸಂದೇಶ ಬರುತ್ತದೆ. ಅವರಲ್ಲಿ ಹಲವರಿಗೆ ಕನ್ನಡ ಲಿಪಿ ಓದಲು ಬರುವುದಿಲ್ಲ. ಅವರು ಬರೆಯುವುದು ಮಲಯಾಳವನ್ನು, ಅದೂ ಇಂಗ್ಲಿಷ್ ಅಕ್ಷರಗಳಲ್ಲಿ. “ಕುರಯುಮೋ” ಎಂದವರಿಗೆ ಕನ್ನಡದಲ್ಲಿ ಐದು ವಾಕ್ಯ ಕಳುಹಿಸಿದರೆ ಅವರು ಮುಂದಿನ ಪಂಪಿನ ಕಡೆಗೆ ಹೋಗುತ್ತಾರೆ. ಒಂದೇ ಉತ್ತರವನ್ನು ಎರಡೂ ಭಾಷೆಗಳಲ್ಲಿ ಬರೆದಿಟ್ಟುಕೊಂಡು, ಅವರು ಬರೆದ ಭಾಷೆಯಲ್ಲಿಯೇ ಕಳುಹಿಸುವುದು ಒಳ್ಳೆಯದು.

ಇನ್ನೊಂದು ಅಪಾಯ ನಮ್ಮ “ನೋಡುವ” ಎಂಬ ಮಾತಿನಲ್ಲಿದೆ. ನಮ್ಮಲ್ಲಿ “12,000ಕ್ಕೆ ಕೊಡುತ್ತೀರಾ” ಎಂದು ಕೇಳಿದಾಗ “ನೋಡುವ” ಎಂದರೆ, ಮುಖ ಮುರಿಯದೆ ಇಲ್ಲವೆಂದಂತೆ. ನಾನು ಹಳೆಯ ಕಪಾಟನ್ನು ಮಾರುವಾಗ ಅದನ್ನೇ “ನೋಕ್ಕಾಂ” ಎಂದು ಬರೆದೆ. ಅವರು ಅದನ್ನು ಭರವಸೆಯೆಂದು ತಿಳಿದು, ಮರುದಿನ ಪಿಕಪ್ ಗಾಡಿ ಮಾಡಿಕೊಂಡೇ ಬಂದರು. ಗಾಡಿ ಬಾಡಿಗೆಯ ಮುಂದೆ ನಾನು ಇಲ್ಲವೆನ್ನಲಾರದೆ ಕೊಟ್ಟೆ. ಇಲ್ಲವಾದರೆ ಇಲ್ಲವೆಂದೇ ಬರೆಯಬೇಕು: “12,000ಕ್ಕೆ ಆಗುವುದಿಲ್ಲ. ನೋಡಲು ಬರುವುದಾದರೆ ಬನ್ನಿ.”

ಮಂಜೇಶ್ವರದ ಟೈಲರ್ · ಮೇ 17, ಬೆಳಗ್ಗೆ 6:55

ನನ್ನದು ಹೊಲಿಗೆ ಮೆಷಿನ್ ಮಾರಿದ ಅನುಭವ. ಪಂಪಿನ ಬಗ್ಗೆ ನನಗೆ ಏನೂ ತಿಳಿಯದು.

ಮೊದಲ ದಿನವೇ ಒಬ್ಬ, ತಾನು ಸೈನ್ಯದಲ್ಲಿರುವುದಾಗಿ ಹೇಳಿ, ನೋಡಲು ಬರಲಾಗುವುದಿಲ್ಲ, ನೀವು ಹೇಳಿದ ಬೆಲೆಯನ್ನೇ ಈಗಲೇ ಕಳುಹಿಸುತ್ತೇನೆ, ಈ ಕ್ಯುಆರ್ ಕೋಡ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ ಎಂದು ಬರೆದ. ಮೆಷಿನ್ ಕಾಲಿನದೋ ಮೋಟಾರಿನದೋ ಎಂದೂ ಕೇಳಲಿಲ್ಲ. ಪಿನ್ ಬೇಕಾಗುವುದು ನಾವು ಹಣ ಕೊಡುವಾಗ ಮಾತ್ರ, ಪಡೆಯುವಾಗ ಅಲ್ಲ ಎಂದು ಮಗಳು ಹೇಳಿದ್ದರಿಂದ ಉಳಿದೆ. ಅಂದಿನಿಂದ ನನಗೆ ಚೌಕಾಸಿ ಮಾಡದ ಗಿರಾಕಿಯನ್ನು ಕಂಡರೆ ಭಯ. ಕಡಿಮೆಯಾಗುತ್ತದೆಯೇ ಎಂದು ಕೇಳುವವನು ನಿಜವಾಗಿ ಕೊಳ್ಳುವವನು.

ಎರಡನೆಯದಾಗಿ ಬಂದ ಒಬ್ಬರು ಅಕ್ಕ “ಭಾನುವಾರ ಬರುತ್ತೇನೆ, ಬೇರೆಯವರಿಗೆ ಕೊಡಬೇಡಿ” ಎಂದರು. ಆಗಲಿ ಎಂದೆ. ನಡುವೆ ಇಬ್ಬರು ಕೈಯಲ್ಲಿ ಹಣ ಹಿಡಿದು ಬಂದರೂ ಕಳುಹಿಸಿಬಿಟ್ಟೆ. ಭಾನುವಾರ ಅವರು ಬರಲಿಲ್ಲ, ಕರೆ ಎತ್ತಲೂ ಇಲ್ಲ. ಆ ಮೊದಲ ಉತ್ತರದಲ್ಲಿಯೇ “ಯಾರಿಗಾಗಿಯೂ ತೆಗೆದಿಡುವುದಿಲ್ಲ, ಮೊದಲು ಬಂದವರಿಗೆ” ಎಂದು ಬರೆದಿದ್ದರೆ ಹೀಗಾಗುತ್ತಿರಲಿಲ್ಲ.

ಬದಿಯಡ್ಕ ವರ್ಕ್‌ಶಾಪ್ · ಮೇ 17, ಬೆಳಗ್ಗೆ 9:10

ನಾನು 500 ರೂಪಾಯಿ ಮುಂಗಡ ಕಳುಹಿಸಿದವರಿಗೆ ಎರಡು ದಿನ ತೆಗೆದಿಡುತ್ತೇನೆ, ಇಲ್ಲವಾದರೆ ಮೊದಲು ಬಂದವರಿಗೆ. ಇದನ್ನು ಮೊದಲ ಉತ್ತರದಲ್ಲಿ ಬರೆಯಬಾರದು. ಇನ್ನೂ ಪಂಪಿನ ಮುಖ ನೋಡದವನಿಗೆ ಮುಂಗಡದ ಮಾತು ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. “ತೆಗೆದಿಡಿ” ಎಂದು ಕೇಳಿದವನಿಗೆ ಮಾತ್ರ ಹೇಳಬೇಕು.

ಉಪ್ಪಳದ ಟೀಚರ್ · ಮೇ 17, ಬೆಳಗ್ಗೆ 9:45

ಮುಂಗಡ ತೆಗೆದುಕೊಂಡ ಮೇಲೆ ಅವರು ಬಂದು ನೋಡಿ ಬೇಡವೆಂದರೆ? ಹಿಂದಿರುಗಿಸುತ್ತೀರೋ ಇಲ್ಲವೋ ಎಂಬುದನ್ನೂ ಬರೆಯಬೇಕಾಗುತ್ತದೆ. ಐನೂರು ರೂಪಾಯಿಗಾಗಿ ನೆರೆಕರೆಯಲ್ಲಿ ಮಾತು ಬೆಳೆಯುವುದು ನನಗೆ ಸರಿ ಕಾಣುವುದಿಲ್ಲ. ಬಾಯಿಮಾತು ಕೊಟ್ಟು, ಒಂದು ಗಡುವು ಹೇಳಿದರೆ ಸಾಕು: “ಶನಿವಾರ ಮಧ್ಯಾಹ್ನದವರೆಗೆ ನಿಮಗಾಗಿ ಇಡುತ್ತೇನೆ.”

ಬದಿಯಡ್ಕ ವರ್ಕ್‌ಶಾಪ್ · ಮೇ 17, ಬೆಳಗ್ಗೆ 10:02

ಬೇಡವೆಂದರೆ ನಾನು ಹಿಂದಿರುಗಿಸುತ್ತೇನೆ. ಬಾರದೆ ಹೋದರೆ ಇಲ್ಲ. ಟೀಚರ್ ಹೇಳಿದ್ದು ಪರಿಚಯಸ್ಥರಿಗೆ ಸರಿ, ಅಪರಿಚಿತರಿಗೆ ನಡೆಯುವುದಿಲ್ಲ.

ನೀರ್ಚಾಲಿನ ತೋಟದವ · ಮೇ 17, ಬೆಳಗ್ಗೆ 11:30

ಎಲ್ಲರಿಗೂ ಧನ್ಯವಾದಗಳು. ಒಂದು ಸಂದೇಹ ಉಳಿದಿದೆ. ಈಗ ಮೊದಲನೆಯ ಮದ್ದಿನ ಸಮಯ. ಮಳೆ ಹಿಡಿಯುವ ಮೊದಲು ಎಲ್ಲರಿಗೂ ಪಂಪ್ ಬೇಕು. ಹಾಗಿರುವಾಗ ನಾನು ಇಳಿಸುವ ಅಗತ್ಯವೇನಿದೆ? “ಮಾತನಾಡಬಹುದು” ಎಂಬುದನ್ನು ತೆಗೆದುಹಾಕಿದರೆ?

ಬದಿಯಡ್ಕ ವರ್ಕ್‌ಶಾಪ್ · ಮೇ 17, ಮಧ್ಯಾಹ್ನ 1:15

ಈ ವಾರ ತೆಗೆದುಹಾಕಬಹುದು, ನಷ್ಟವಾಗದು. ಆದರೆ ಮಳೆ ಬಂದು ಕುಳಿತರೆ ಮರುದಿನದಿಂದ ನಿಮ್ಮ ಫೋನು ಮೌನವಾಗುತ್ತದೆ. ಎರಡನೆಯ ಮದ್ದು 40–45 ದಿನಗಳ ಬಳಿಕ, ಅಷ್ಟರವರೆಗೆ ಕೇಳುವವರು ವಿರಳ. ಕಡಿಮೆ ಮಾಡುವ ಮನಸ್ಸು ಇರುವುದನ್ನು ಈಗಲೇ ಬಳಸಿಕೊಳ್ಳಿ ಎಂಬುದು ನನ್ನ ಸಲಹೆ. ಬೇಕಿದ್ದರೆ “ಈ ವಾರ ಕೊಂಡುಹೋಗುವುದಾದರೆ” ಎಂದು ಸೇರಿಸಿ.

ನೀರ್ಚಾಲಿನ ತೋಟದವ · ಮೇ 19, ರಾತ್ರಿ 9:05

ನಡೆದದ್ದನ್ನು ತಿಳಿಸುತ್ತೇನೆ. ಶನಿವಾರ ರಾತ್ರಿಯಿಂದ ಬಂದ ನಾಲ್ಕು ಪ್ರಶ್ನೆಗಳಿಗೆ ಈ ಉತ್ತರವನ್ನೇ ಕಳುಹಿಸಿದೆ, ಒಂದನ್ನು ಟೀಚರ್ ಹೇಳಿದಂತೆ ಮಲಯಾಳದಲ್ಲಿ:

“ನಮಸ್ಕಾರ. ಪಂಪ್ ಇದೆ. ಕ್ರಯ 15,000, ಈ ವಾರ ಬಂದು ಓಡಿಸಿ ನೋಡಿದರೆ ಸ್ವಲ್ಪ ಮಾತನಾಡಬಹುದು. ಪೈಪಿನಲ್ಲಿ ಒಂದು ಜೋಡಣೆ ಇದೆ, ನನಗೆ ತಿಳಿದಂತೆ ಬೇರೆ ದೋಷವಿಲ್ಲ. ಜಾಗ ನೀರ್ಚಾಲು. ಸಂಜೆ 4ರ ಬಳಿಕ ಮನೆಯಲ್ಲಿರುತ್ತೇನೆ. ಯಾವ ದಿನ ಬರುತ್ತೀರಿ?”

ಇಬ್ಬರು ಮೌನ. ಒಬ್ಬರು ದೂರವೆಂದರು. ಮುಳ್ಳೇರಿಯಾದ ಒಬ್ಬರು “ಕೊನೆಗೆ ಎಷ್ಟು ಎಂದು ಹೇಳಿದರೆ ಮಾತ್ರ ಬರುತ್ತೇನೆ” ಎಂದರು. ಇಲ್ಲಿ ನನ್ನ ಕೈ ಸ್ವಲ್ಪ ನಡುಗಿತು. ಆದರೂ “ನೋಡದೆ ನೀವೂ ಹೇಳಲಾರಿರಿ, ನಾನೂ ಹೇಳಲಾರೆ. ಓಡುವ ವೀಡಿಯೊ ಕಳುಹಿಸುತ್ತೇನೆ, ನೋಡಿ” ಎಂದು ಬರೆದು ವೀಡಿಯೊ ಕಳುಹಿಸಿದೆ. ಒಂದು ಗಂಟೆಯ ಬಳಿಕ “12,500ಕ್ಕೆ ಆಗಬಹುದೇ” ಎಂದು ಬಂತು. ಬೆರಳು ಹೆಬ್ಬೆರಳಿನ ಚಿತ್ರದ ಮೇಲೆಯೇ ಇತ್ತು, ಗುಮಾಸ್ತರು ನೆನಪಾದರು. “ಆ ಬೆಲೆಗೆ ಆಗುವುದಿಲ್ಲ. ಬನ್ನಿ, ಕುಳಿತು ಮಾತನಾಡುವ” ಎಂದೆ.

ಇಂದು ಸಂಜೆ ಮಗನನ್ನೂ ಕರೆದುಕೊಂಡು ಬಂದರು. ಪೈಪು ಪೂರ್ತಿ ಬಿಡಿಸಿದರು, ಜೋಡಣೆಯನ್ನು ಮುಟ್ಟಿ ನೋಡಿದರು, “ಇದನ್ನು ನೀವು ಮೊದಲೇ ಬರೆದಿದ್ದೀರಿ” ಎಂದು ಅವರೇ ಹೇಳಿದರು. ಹತ್ತು ನಿಮಿಷ ನೀರು ಬಿಟ್ಟು ಓಡಿಸಿದಾಗ ಪ್ಯಾಕಿಂಗಿನ ಬಳಿ ತೊಟ್ಟಿಕ್ಕುವುದು ಕಂಡಿತು. ಅದು ನಿಜವಾಗಿಯೂ ನನಗೆ ತಿಳಿದಿರಲಿಲ್ಲ. ಅದಕ್ಕಾಗಿ ಒಂದಿಷ್ಟು ಬಿಟ್ಟು 13,800ಕ್ಕೆ ಮುಗಿಯಿತು. ಪಂಪ್ ಅವರ ಜೀಪಿನಲ್ಲಿ ಹೋಯಿತು.

ಪೇಟೆಯ ಅಂಗಡಿಯವ · ಮೇ 19, ರಾತ್ರಿ 9:20

ನಾನು ಹೇಳಿದ 14,000ಕ್ಕಿಂತ 200 ಕಡಿಮೆಯೇ ಸಿಕ್ಕಿತಲ್ಲ. ಅದಕ್ಕೆ ನಾಲ್ಕು ದಿನ.

ನಿವೃತ್ತ ಗುಮಾಸ್ತ, ಕಾಸರಗೋಡು · ಮೇ 19, ರಾತ್ರಿ 9:32

ತೊಟ್ಟಿಕ್ಕಿದಾಗ “ನನಗೆ ತಿಳಿದಂತೆ” ಎಂಬ ಪದಗಳು ಅಲ್ಲಿ ಇದ್ದುದು ಒಳ್ಳೆಯದಾಯಿತು.

ಮಂಜೇಶ್ವರದ ಟೈಲರ್ · ಮೇ 19, ರಾತ್ರಿ 9:40

ಜಾಹೀರಾತನ್ನು ತೆಗೆದಿರಾ? ಮೊದಲು ಕೇಳಿದವರಿಗೆ “ಮಾರಾಟವಾಗಿದೆ, ಕೇಳಿದ್ದಕ್ಕೆ ಧನ್ಯವಾದ” ಎಂದು ಒಂದು ಸಾಲು ಕಳುಹಿಸಿ. ಇಲ್ಲವಾದರೆ ಮಳೆಗಾಲವಿಡೀ ಕೇಳುತ್ತಿರುತ್ತಾರೆ.

ನೀರ್ಚಾಲಿನ ತೋಟದವ · ಮೇ 19, ರಾತ್ರಿ 9:48

ಮಾರ್ಕೆಟ್‌ಪ್ಲೇಸಿನಲ್ಲಿ ಮಾರಾಟವಾಗಿದೆ ಎಂದು ಗುರುತು ಹಾಕಿದೆ. ಗುಂಪುಗಳಲ್ಲಿಯೂ ಬರೆಯುತ್ತೇನೆ.

ಎಣ್ಮಕಜೆಯ ಕೃಷಿಕ · ಮೇ 20, ಬೆಳಗ್ಗೆ 6:30

ಪಂಪ್ ಹೋಯಿತೇ ಅಣ್ಣ? ಹಾಗಾದರೆ ಪೈಪು ಮಾತ್ರ ಇದೆಯೇ? ಕೊನೆಗೆ ಎಷ್ಟು?